ಹಲಗಲಿಯ ಲಾವಣಿ, ಅಜ್ಜಿಯ ಬೀಸುವ ಪದ: ಇವುಗಳಿಂದ ಇತಿಹಾಸ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. ಹೆಳವರು ಬಂದಾಗ ನಮ್ಮ ಮನೆತನದ ಏಳು ತಲೆಮಾರು ಹೇಳುತ್ತಾರೆ. ಅದರಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಹಳೇ ಪಹಣಿಯಲ್ಲೂ ಇಲ್ಲ. ಆದರೆ ನಮ್ಮ ಅಜ್ಜಿಗೆ ನೂರಾರು ಬೀಸುವ ಪದ, ಗಾದೆ, ಹಳೇ ಸುದ್ದಿ ಬಾಯಲ್ಲೇ ಇವೆ. ಇವನ್ನು ಇಟ್ಟುಕೊಂಡು ನಮ್ಮ ಮನೆಯ ಹೆಂಗಸರ ಬದುಕು ಬರೆಯಬಹುದಾ? ಅದು ಇತಿಹಾಸ ಅನ್ನಿಸಿಕೊಳ್ಳುತ್ತಾ, ಇಲ್ಲ ಸುಮ್ನೆ ಕಥೆನಾ?

ಉತ್ತರ:

ಧಾರಾಳವಾಗಿ ಬರೆಯಬಹುದು. ಆದರೆ ಹಾಡಿಗೆ ಯಾವ ಪ್ರಶ್ನೆ ಹಾಕಬೇಕು ಅನ್ನೋದು ಮೊದಲು ತಿಳಿದಿರಬೇಕು. ‘ಇದು ಯಾವ ಇಸವಿಯಲ್ಲಿ ನಡೆಯಿತು, ಎಷ್ಟು ಜನ ಇದ್ದರು’ ಎಂದು ಕೇಳಿದರೆ ಹಾಡು ಬಹಳ ಸಲ ಕೈಕೊಡುತ್ತದೆ. ‘ಏನು ಹೋದಾಗ ಬದುಕೇ ಹೋಯಿತು ಅನ್ನಿಸಿತು, ಯಾರನ್ನು ನಂಬಿದ್ದರು, ಯಾರಿಗೆ ಹೆದರುತ್ತಿದ್ದರು’ ಎಂದು ಕೇಳಿದರೆ ಯಾವ ಕಡತದಲ್ಲೂ ಸಿಗದ ಉತ್ತರ ಸಿಗುತ್ತದೆ. ನೀವು ಬಾಗಲಕೋಟೆ ಕಡೆಯವರಾದ್ದರಿಂದ ನಿಮ್ಮ ಪಕ್ಕದಲ್ಲೇ ಇರುವ ಒಂದು ಉದಾಹರಣೆಯಿಂದ ಶುರು ಮಾಡುತ್ತೇನೆ. ಅದರಲ್ಲಿ ಕಡತವೂ ಇದೆ, ಹಾಡೂ ಇದೆ. ಎರಡನ್ನೂ ಎದುರುಬದುರು ಇಟ್ಟು ನೋಡಬಹುದು.

ಮುಧೋಳ ತಾಲೂಕಿನ ಹಲಗಲಿ ನಿಮಗೆ ಗೊತ್ತೇ ಇರುತ್ತದೆ. ಅಲ್ಲಿನ ಬೇಡರ ಮೇಲಿನ ಲಾವಣಿಯನ್ನು ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲಿ ಓದಿದವರು ಬಹಳ ಮಂದಿ. ಮೊದಲು ಕಡತದ ಮಾತು ನೋಡೋಣ. 1857ರ ದಂಗೆ ಉತ್ತರದಲ್ಲಿ ಹಬ್ಬುತ್ತಿದ್ದಾಗ, ಆ ವರ್ಷ ಸೆಪ್ಟೆಂಬರ್ 11ರಂದು ಕಲ್ಕತ್ತದಲ್ಲಿ ಗವರ್ನರ್ ಜನರಲ್ ಕೌನ್ಸಿಲ್ ಆಯುಧಗಳ ಮೇಲೆ ಒಂದು ಕಾಯ್ದೆ ತಂದಿತು. ಇನ್ನು ಮುಂದೆ ಯಾರ ಹತ್ತಿರ ಆಯುಧ ಇರಬಹುದು, ಯಾರ ಹತ್ತಿರ ಇರಬಾರದು ಎಂದು ಸರ್ಕಾರವೇ ತೀರ್ಮಾನಿಸುತ್ತದೆ ಎಂಬುದು ಅದರ ತಿರುಳು. ಆಗ ಹಲಗಲಿ ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಬೇಡರು ಆಯುಧ ಒಪ್ಪಿಸಲಿಲ್ಲ. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮ್‌ನ ಪಡೆ ಬಂದು ಊರಿಗೆ ಮುತ್ತಿಗೆ ಹಾಕಿತು. ಊರು ಸುಟ್ಟಿತು. ಸೆರೆ ಸಿಕ್ಕವರಲ್ಲಿ 19 ಜನರನ್ನು ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೆ ಹಾಕಿದರು.

ಇಷ್ಟು ನಮಗೆ ತಿಳಿಯುವುದು ಸರ್ಕಾರದ ಕಾಗದದಿಂದ. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ತಾರೀಖು, ದಂಡಿನ ಮುಖ್ಯಸ್ಥನ ಹೆಸರು, ಗಲ್ಲಿಗೇರಿದವರ ಲೆಕ್ಕ, ಇವು ಹಾಡಿನಿಂದ ಸಿಗುವಂಥವಲ್ಲ. ಆದರೆ ಕಾಗದ ಬರೆದವನಿಗೆ ಬೇಕಾಗಿದ್ದದ್ದೂ ಇಷ್ಟೇ. ಬೇಡರು ಅವನ ಕಣ್ಣಿಗೆ ಬಿದ್ದದ್ದು ಜಗಳಕ್ಕೆ ನಿಂತಾಗ ಮಾತ್ರ. ಅದಕ್ಕೆ ಮುಂಚೆ ಅವರು ಹೇಗೆ ಬದುಕುತ್ತಿದ್ದರು, ಸುಟ್ಟ ಮನೆಗಳಲ್ಲಿ ಏನಿತ್ತು, ಉಳಿದ ಹೆಂಗಸರು ಮಕ್ಕಳು ಮರುದಿನ ಏನು ಉಂಡರು ಎಂದು ಬರೆದಿಡುವುದು ಅವನ ಕೆಲಸ ಆಗಿರಲಿಲ್ಲ.

ಈಗ ಲಾವಣಿಗೆ ಬನ್ನಿ. ಹುಕುಂ ಎಲ್ಲಿಂದ ಬಂತು ಎಂಬಲ್ಲೇ ಅದು ಕಡತದಿಂದ ಬೇರೆಯಾಗುತ್ತದೆ. ಲಾವಣಿಯ ಪ್ರಕಾರ ಹುಕುಂ ಬಂದದ್ದು ವಿಲಾಯತಿಯಿಂದ. ಕಡತದ ಪ್ರಕಾರ ಕಲ್ಕತ್ತದಿಂದ. ಇಲ್ಲಿ ಲಾವಣಿ ತಪ್ಪು ಎಂದು ಗೆರೆ ಎಳೆದು ಮುಂದೆ ಹೋಗುವುದು ಸುಲಭ. ಆದರೆ ಈ ತಪ್ಪನ್ನು ಎತ್ತಿಟ್ಟುಕೊಳ್ಳಬೇಕು. ತಮ್ಮ ಬಾಗಿಲಿಗೆ ಬಂದ ಅಧಿಕಾರ ಎಷ್ಟು ದೂರದ್ದು, ಅದರ ಹತ್ತಿರ ಹೋಗಿ ಕಷ್ಟ ಹೇಳಿಕೊಳ್ಳಲು ದಾರಿಯೇ ಇಲ್ಲ ಎಂದು ಆ ಜನಕ್ಕೆ ಅನ್ನಿಸಿತ್ತು ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಅದೇ ಲಾವಣಿಯಲ್ಲಿ ಪೂಜೇರಿ ಹನುಮ, ಬಾಲ, ಜಡಗ, ರಾಮ ಕೂತು ಮಸಲತ್ತು ಮಾಡುತ್ತಾರೆ. ಅವರು ದೇಶದ ಮಾತು ಆಡುವುದಿಲ್ಲ, ರಾಜನ ಮಾತೂ ಆಡುವುದಿಲ್ಲ. ಹತಾರ ಹೋದರೆ ಜೀವ ಹೋದಂತೆ ಎನ್ನುತ್ತಾರೆ. ಬೇಟೆ, ಊರಕಾವಲು, ದಂಡಿನ ಚಾಕರಿ, ಹೀಗೆ ಬೇಡರ ಅನ್ನವೂ ಮಾನವೂ ಆಯುಧದ ಮೇಲೇ ನಿಂತಿದ್ದ ಕಾಲ ಅದು. ಕಾಯ್ದೆ ಬರೆದವರಿಗೆ ಕತ್ತಿ ಬಂದೂಕು ಅಂದರೆ ಅಪಾಯ. ಹಲಗಲಿಯವರಿಗೆ ಅದು ಕಸುಬು. ದಂಗೆಯ ಕಾರಣ ಇಲ್ಲಿ ಒಳಗಿನಿಂದ ಸಿಗುತ್ತದೆ.

ನಾನು ತುಂಬಾ ಹೊತ್ತು ನಿಲ್ಲುವುದು ಲಾವಣಿಯ ಕೊನೆಯ ಭಾಗದಲ್ಲಿ. ಊರು ಲೂಟಿಯಾದಾಗ ಏನೇನು ಹೋಯಿತು ಎಂದು ಅಲ್ಲಿ ಹಾಡುಗಾರ ಪಟ್ಟಿ ಕೊಡುತ್ತಾನೆ. ಕೊಡಲಿ, ಕುಡ, ಕಬ್ಬಿಣ. ಮೊಸರು, ಬೆಣ್ಣೆ, ಹಾಲು. ಉಪ್ಪು, ಎಣ್ಣೆ, ಅರಿಶಿಣ, ಜೀರಿಗೆ, ಅಕ್ಕಿ, ಸಕ್ಕರೆ, ಬೆಲ್ಲ. ಗಂಗಾಳ, ಚರಿಗೆ, ಮಂಗಳಸೂತ್ರ, ಬೀಸುವ ಕಲ್ಲು. ಆಮೇಲೆ ಊರು ಬೂದಿಯಾಯಿತು, ಗುರುತೇ ಉಳಿಯಲಿಲ್ಲ ಎನ್ನುತ್ತಾನೆ. ಯುದ್ಧದ ಹಾಡು ಬಂದು ನಿಲ್ಲುವುದು ಅಡುಗೆಮನೆಯಲ್ಲಿ ನೋಡಿ. ಸತ್ತವರ ಲೆಕ್ಕ ಸರ್ಕಾರದ್ದು, ಮನೆಯ ಲೆಕ್ಕ ಹಾಡಿನದು.

ಈ ಪಟ್ಟಿಯನ್ನು ಹಾಗೇ ಎತ್ತಿಕೊಂಡು ‘1857ರಲ್ಲಿ ಬೇಡರ ಮನೆಗಳಲ್ಲಿ ಇದ್ದ ಸಾಮಾನು’ ಎಂದು ಬರೆದರೆ ಎಡವುತ್ತೀರಿ. ಸಾಲುಗಳ ಕೊನೆ ನೋಡಿ: ಹಾಲು, ಬೆಲ್ಲ, ಕಲ್ಲು, ಉಳಿಯಲಿಲ್ಲ. ಲಾವಣಿಗೆ ಅಂತ್ಯಪ್ರಾಸ ಬೇಕು. ಬೆಲ್ಲವೂ ಕಲ್ಲೂ ಸಾಲಿನ ತುದಿಗೆ ಬಂದು ಕೂತಿರುವುದರಲ್ಲಿ ಪ್ರಾಸದ ಕೈವಾಡ ಇದೆ. ಹಾಗೆಯೇ ಅಕ್ಕಿ, ಸಕ್ಕರೆ. ಜೋಳದ ರೊಟ್ಟಿಯ ಸೀಮೆ ಅದು. ಆ ಕಾಲದಲ್ಲಿ ಅಲ್ಲಿನ ಬಡವರ ಮನೆಯಲ್ಲಿ ಅಕ್ಕಿ ಹಬ್ಬದ ಊಟ, ಸಕ್ಕರೆ ಇನ್ನೂ ದೂರದ ಮಾತು. ಹಾಗಾದರೆ ಲೂಟಿಯಾದದ್ದು ಬೇಡರ ಮನೆ ಮಾತ್ರವೋ, ಊರಿನ ಅಂಗಡಿಯೂ ಸೇರಿತ್ತೋ? ಅಥವಾ ತುಂಬಿದ ಮನೆ ಅಂದರೆ ಹೀಗಿರಬೇಕು ಎಂದು ಹಾಡುಗಾರ ತನ್ನ ಮನಸ್ಸಿನಿಂದ ತುಂಬಿದನೋ? ಪಟ್ಟಿಯೊಂದನ್ನೇ ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ.

ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಒಂದು ವಿಷಯ ಗಟ್ಟಿಯಾಗಿ ಉಳಿಯುತ್ತದೆ. ಊರು ಹಾಳಾಗುವುದು ಅಂದರೆ ಏನು ಎಂದು ಕೇಳುಗರಿಗೆ ಮುಟ್ಟಿಸಲು ಹಾಡುಗಾರ ಕೋಟೆ ಬಿದ್ದದ್ದನ್ನು ಹೇಳಲಿಲ್ಲ. ಉಪ್ಪು ಹೋದದ್ದನ್ನು, ಚರಿಗೆ ಹೋದದ್ದನ್ನು, ಹೆಂಗಸಿನ ಕೊರಳಿನದು ಹೋದದ್ದನ್ನು ಹೇಳಿದ. ಕೇಳುತ್ತಿದ್ದವರು ಒಪ್ಪಿದರು. ಒಪ್ಪದಿದ್ದರೆ ಆ ಸಾಲು ಇಷ್ಟು ವರ್ಷ ಬಾಯಿಂದ ಬಾಯಿಗೆ ಉಳಿಯುತ್ತಿರಲಿಲ್ಲ. ಇದು ಹಲಗಲಿಯ ಸಾಮಾನಿನ ಇತಿಹಾಸ ಅಲ್ಲದಿದ್ದರೂ ಆ ಸೀಮೆಯ ಜನ ಯಾವುದನ್ನು ಮನೆ ಅನ್ನುತ್ತಿದ್ದರು ಎಂಬುದರ ಇತಿಹಾಸ.

ಇನ್ನು ಹಾಡಿದವನು ಯಾರು? ಕೊನೆಯಲ್ಲಿ ಕುರ್ತಕೋಟಿ ಕಲ್ಮೇಶನ ದಯೆಯ ಮಾತು ಬರುತ್ತದೆ. ಕುರ್ತಕೋಟಿ ಇರುವುದು ಗದಗದ ಹತ್ತಿರ, ಹಲಗಲಿಯಿಂದ ಸಾಕಷ್ಟು ದೂರ. ಅಂದರೆ ಈಗ ನಮ್ಮ ಕೈಗೆ ಬಂದಿರುವ ರೂಪ ಹಲಗಲಿಯ ಬೇಡರ ಮನೆಯಲ್ಲೇ ಹುಟ್ಟಿದ್ದು ಎಂದು ಹೇಳುವಂತಿಲ್ಲ. ಸುದ್ದಿ ಊರೂರು ದಾಟಿ, ಲಾವಣಿ ಕಟ್ಟುವ ಒಬ್ಬ ಕಸುಬುದಾರನ ಕೈಗೆ ಬಂದಿದೆ. ಯಾವ ಹಾಡನ್ನೇ ಎತ್ತಿಕೊಂಡರೂ ಅಂಕಿತ ನೋಡಬೇಕು ಅನ್ನುವುದು ಇದಕ್ಕೇ. ಹಾಡು ಯಾರ ಬಗ್ಗೆ ಇದೆ ಎಂಬುದು ಒಂದು, ಯಾರದು ಎಂಬುದು ಇನ್ನೊಂದು.

ಹೆಸರುಗಳ ವಿಷಯದಲ್ಲೂ ಹುಷಾರಾಗಿರಬೇಕು. ಲಾವಣಿಯಲ್ಲಿ ಒಬ್ಬ ‘ಕಾರಸಾಹೇಬ’ ಬರುತ್ತಾನೆ. ಆಗ ಬೆಳಗಾವಿಯಲ್ಲಿ ಕಲೆಕ್ಟರ್ ಆಗಿದ್ದವನು ಸೆಟನ್ ಕಾರ್. ಮಾಲ್ಕಮ್‌ನ ಕುದುರೆ ದಳದಲ್ಲಿ ಲೆಫ್ಟಿನೆಂಟ್ ಕೆರ್ ಎಂಬ ಇನ್ನೊಬ್ಬನಿದ್ದ. ಕೊಲ್ಲಾಪುರದ ದಂಗೆಯನ್ನು ಅಡಗಿಸಿದ್ದಕ್ಕೆ ಅವನಿಗೆ ಆಮೇಲೆ ವಿಕ್ಟೋರಿಯಾ ಕ್ರಾಸ್ ಬಂತು. ನಮ್ಮವರ ಬಾಯಲ್ಲಿ ಇಬ್ಬರೂ ‘ಕಾರ’ ಆಗಬಹುದು. ಬರೀ ಸದ್ದಿನ ಮೇಲೆ ಒಬ್ಬನನ್ನು ಆರಿಸಬಾರದು. ಹಾಡಿನಲ್ಲಿ ಅವನು ಮಾಡುವ ಕೆಲಸ ನೋಡಿ, ಆ ಕೆಲಸ ಕಡತದಲ್ಲಿ ಯಾರ ಪಾಲಿಗೆ ಬಂದಿದೆ ಎಂದು ಹುಡುಕಬೇಕು. ಹೊಂದದಿದ್ದರೆ ಇಬ್ಬರ ಹೆಸರೂ ಬರೆದು ಬಿಡಬೇಕು. ನಿಮ್ಮ ಅಜ್ಜಿಯ ಮಾತಿನಲ್ಲಿ ಬರುವ ‘ದೊಡ್ಡ ಗೌಡ’, ‘ಸಣ್ಣವ್ವ’ ಇಂಥ ಹೆಸರುಗಳಿಗೂ ಇದೇ ಕ್ರಮ. ಒಂದೇ ಮನೆತನದಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ ಇದೆಯಲ್ಲ, ಇಬ್ಬರ ಕಥೆಗಳು ಒಬ್ಬರ ತಲೆಗೆ ಬಂದು ಸೇರಿರುತ್ತವೆ.

ಇಷ್ಟಾದರೂ ಹಲಗಲಿಯ ಹೆಂಗಸರು ಸಿಕ್ಕರಾ? ಪೂರ್ತಿ ಸಿಗಲಿಲ್ಲ. ಲಾವಣಿ ಗಂಡಸರ ಹಾಡು, ಗಂಡಸರು ಸೇರಿದ ಕಡೆ ಡಪ್ಪು ತುಂತುಣಿ ಹಿಡಿದು ಹಾಡುವಂಥದ್ದು. ಅಲ್ಲಿ ಹೆಂಗಸು ಮಂಗಳಸೂತ್ರವಾಗಿ, ಬೀಸುವ ಕಲ್ಲಾಗಿ ಬರುತ್ತಾಳೆ. ಅವಳ ಹೆಸರು ಕಡತದಲ್ಲೂ ಇಲ್ಲ, ಲಾವಣಿಯಲ್ಲೂ ಇಲ್ಲ. ಅವಳನ್ನು ಹುಡುಕಲು ಆ ಕಲ್ಲಿನ ಹತ್ತಿರವೇ ಹೋಗಬೇಕು. ನಿಮ್ಮ ಅಜ್ಜಿಯ ಪದಗಳು ಅಲ್ಲಿಯವು.

ಬೀಸುವ ಪದ ಹುಟ್ಟಿದ ಜಾಗ ಸರಿಯಾಗಿ ಕಣ್ಣ ಮುಂದೆ ಬಂದರೆ ಅರ್ಧ ಕೆಲಸ ಆದಂತೆ. ಬೆಳಗಿನ ಜಾವ, ಇನ್ನೂ ಕತ್ತಲು. ಗಂಡಸರು ಮಲಗಿರುತ್ತಾರೆ. ಎದುರುಬದುರು ಇಬ್ಬರು ಹೆಂಗಸರು, ನಡುವೆ ಕಲ್ಲು, ಒಂದೇ ಗೂಟಕ್ಕೆ ಇಬ್ಬರ ಕೈ. ಹೆಚ್ಚಾಗಿ ಅತ್ತೆ ಸೊಸೆ, ಇಲ್ಲ ವಾರಗಿತ್ತಿಯರು, ಇಲ್ಲ ನಾದಿನಿ. ಮಾತಾಡಿದರೆ ಜಗಳ, ಹಾಡಿದರೆ ಪದ. ಗಂಡನ ಮನೆಯ ಅನ್ನ ಕಹಿ ಎಂದು ಹಗಲು ಹೊತ್ತಿನಲ್ಲಿ ಬಾಯಿಬಿಟ್ಟು ಹೇಳುವ ಸೊಸೆ ಅಪರೂಪ. ಅದೇ ಮಾತನ್ನು ಮೂರು ಸಾಲಿನ ತ್ರಿಪದಿಯಲ್ಲಿಟ್ಟು ಹಾಡಿದರೆ ‘ಅದು ಪದ’ ಅಂತ ಬಿಟ್ಟುಬಿಡುತ್ತಿದ್ದರು. ಹಾಗಾಗಿ ಮನೆಯೊಳಗಿನ ಬೇಗುದಿ ಬೇರೆ ಎಲ್ಲಕ್ಕಿಂತ ಜಾಸ್ತಿ ಸಿಗುವುದು ಇಲ್ಲೇ.

ಒಂದು ಪದ ಎತ್ತಿಕೊಳ್ಳೋಣ. ಹೆಣ್ಣಿನ ಜನ್ಮಕ್ಕೆ ಅಣ್ಣತಮ್ಮಂದಿರು ಬೇಕು ಎಂದು ಶುರುವಾಗುವ ತ್ರಿಪದಿ ನಿಮ್ಮ ಅಜ್ಜಿಗೂ ಬರುತ್ತಿರಬಹುದು. ಅಣ್ಣತಮ್ಮಂದಿರು ಯಾಕೆ ಬೇಕು ಎಂದರೆ ಸಭೆಯಲ್ಲಿ ಬೆನ್ನು ತಟ್ಟುವುದಕ್ಕೆ, ಉಡಿಯಲ್ಲಿ ಹೊನ್ನು ಕಟ್ಟುವುದಕ್ಕೆ ಎನ್ನುತ್ತದೆ ಪದ. ಇದನ್ನು ಅಣ್ಣ ತಂಗಿಯ ಪ್ರೀತಿಯ ಹಾಡು ಎಂದಷ್ಟೇ ಓದುವುದು ವಾಡಿಕೆ. ಪ್ರೀತಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಸಭೆ ಯಾವುದು ಎಂದು ಕೇಳಿ ನೋಡಿ. ಗಂಡನ ಊರಿನಲ್ಲಿ ಅವಳ ಮೇಲೆ ಏನಾದರೂ ಮಾತು ಬಂದು ಪಂಚಾಯತಿ ಸೇರಿದರೆ, ಅಲ್ಲಿ ಅವಳ ಪರವಾಗಿ ಎದ್ದು ನಿಲ್ಲಲು ಹಕ್ಕಿರುವ ಮನುಷ್ಯ ತವರಿನ ಗಂಡಸು ಒಬ್ಬನೇ. ಹೊನ್ನಿನ ಮಾತು ಹೊಲದ ಮಾತಿಗೆ ಸೇರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮುಂಚೆ ನಮ್ಮ ಸೀಮೆಯಲ್ಲಿ ಅಣ್ಣತಮ್ಮಂದಿರು ಇದ್ದ ಮಗಳಿಗೆ ತವರಿನ ಹೊಲದಲ್ಲಿ ಸಾಮಾನ್ಯವಾಗಿ ಪಾಲು ಇರಲಿಲ್ಲ. ಪಾಲಿನ ಬದಲು ಅವಳಿಗೆ ಬರುತ್ತಿದ್ದದ್ದು ಅಣ್ಣ ಹಬ್ಬಕ್ಕೆ ಕರೆದು ಉಡಿ ತುಂಬಿ ಕಳಿಸಿದ್ದು ಮಾತ್ರ. ನೀವು ಹಳೇ ಪಹಣಿಯಲ್ಲಿ ಅವಳ ಹೆಸರು ಹುಡುಕಿ ಬರಿಗೈಲಿ ಬಂದಿರಲ್ಲ, ಆ ಖಾಲಿ ಜಾಗದ ವಿವರಣೆ ಈ ಪದದಲ್ಲಿದೆ. ತವರಿನ ಪದಗಳಲ್ಲಿ ಅಣ್ಣನ ಹೆಂಡತಿಯ ಮೇಲೆ ಅಷ್ಟೊಂದು ಸಿಟ್ಟು ಯಾಕಿದೆ ಎಂಬುದೂ ಇದರಿಂದ ತಿಳಿಯುತ್ತದೆ. ಅವಳು ಮುಖ ತಿರುಗಿಸಿದರೆ ಇವಳಿಗೆ ತವರಿನ ಬಾಗಿಲೇ ಮುಚ್ಚುತ್ತದೆ.

ಬೀಸುವ ಪದದಿಂದ ‘ನಮ್ಮ ಮುತ್ತಜ್ಜಿಗೆ ಅತ್ತೆ ಹೊಡೆಯುತ್ತಿದ್ದಳು’ ಎಂದು ಬರೆಯಲು ಮಾತ್ರ ಹೋಗಬೇಡಿ. ಪದ ಊರೂರಿಗೆ ಸೇರಿದ್ದು. ಮದುವೆಯಾಗಿ ಬಂದ ಹೆಣ್ಣಿನ ಜತೆ ಒಂದೂರಿಂದ ಇನ್ನೊಂದೂರಿಗೆ ನಡೆದು ಬಂದದ್ದು. ಅದನ್ನು ಹಾಡಿದ ಮಾತ್ರಕ್ಕೆ ಅವಳ ಅನುಭವ ಆಗುವುದಿಲ್ಲ. ಆದರೆ ಅವಳಿಗೆ ಗೊತ್ತಿದ್ದ ನೂರಾರು ಪದಗಳಲ್ಲಿ ಯಾವುದನ್ನು ಮತ್ತೆ ಮತ್ತೆ ಹಾಡಿದಳು, ಎಲ್ಲಿ ಒಂದು ಮಾತು ಬದಲಿಸಿದಳು, ಎಲ್ಲಿ ಊರಿನ ಹೆಸರೋ ತಮ್ಮನ ಹೆಸರೋ ಸೇರಿಸಿದಳು ಎಂಬುದು ಅವಳದ್ದೇ. ಅಲ್ಲಿ ಕಿವಿಗೊಡಿ. ಎಲ್ಲರ ಬಾಯಲ್ಲೂ ಒಂದೇ ತರ ಬರುವ ಸಾಲು ಇಡೀ ಸೀಮೆಯ ಮಾತು. ಒಬ್ಬಳ ಬಾಯಲ್ಲಿ ಮಾತ್ರ ಬರುವ ಸಾಲು ಒಂದು ಮನೆಯ ಮಾತು ಇರಬಹುದು. ಇದನ್ನು ಪತ್ತೆ ಮಾಡಲು ಒಂದೇ ದಾರಿ: ಅದೇ ಪದವನ್ನು ಕನಿಷ್ಠ ಇನ್ನಿಬ್ಬರ ಬಾಯಿಂದ ಕೇಳಿ. ಅಜ್ಜಿಯ ತಂಗಿ ಬೇರೆ ಊರಿಗೆ ಸೊಸೆಯಾಗಿ ಹೋಗಿದ್ದರೆ ಅವರೇ ಮೊದಲ ಆಯ್ಕೆ. ಪದ ಒಂದೇ ತವರಿನದು, ಗಂಡನ ಮನೆ ಬೇರೆ ಬೇರೆ. ಇಬ್ಬರಲ್ಲೂ ಇರುವುದು ತವರಿನಿಂದ ಬಂದದ್ದು, ಒಬ್ಬರಲ್ಲಿ ಮಾತ್ರ ಇರುವುದು ಆಮೇಲೆ ಸೇರಿದ್ದು ಎಂದು ಹೆಚ್ಚುಕಡಿಮೆ ಹೇಳಬಹುದು.

ಅಚ್ಚಾದ ಸಂಗ್ರಹಗಳನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಹಲಸಂಗಿಯ ಗೆಳೆಯರು 1931ರಲ್ಲಿ ತಂದ ‘ಗರತಿಯ ಹಾಡು’ ವಿಜಯಪುರ ಕಡೆಯದಾದ್ದರಿಂದ ನಿಮ್ಮ ಅಜ್ಜಿಯ ಪದಗಳಿಗೆ ಹತ್ತಿರದ ನೆಂಟ. ಅವರು ಮಾಡಿದ ಕೆಲಸಕ್ಕೆ ನಾವೆಲ್ಲ ಋಣಿಗಳು. ಆದರೂ ನೆನಪಿಡಬೇಕಾದ ಮಾತು ಒಂದಿದೆ. ಅವರು ಓದಿದ ತರುಣರು, ಹಾಡಿದವರು ಊರಿನ ಹೆಂಗಸರು. ತರುಣರ ಮುಂದೆ ಯಾವ ಪದ ಹಾಡಬಹುದು, ಯಾವುದನ್ನು ಹಾಡಬಾರದು ಎಂದು ಆ ಹೆಂಗಸರು ಅಳೆದಿರುತ್ತಾರೆ. ಹಾಡಿದ್ದರಲ್ಲಿ ಯಾವುದು ಅಚ್ಚಿಗೆ ಯೋಗ್ಯ ಎಂದು ಸಂಗ್ರಹಿಸಿದವರೂ ಅಳೆದಿರುತ್ತಾರೆ. ಹೆಸರಿನಲ್ಲೇ ಗರತಿ ಇದ್ದಾಳೆ. ಬೈಗುಳದ ಪದ, ಸೋಬಾನೆ ಹೊತ್ತಿನ ಪೋಲಿ ಪದ, ಗಂಡನನ್ನು ಬಿಟ್ಟು ಹೋದವಳ ಪದ ಅಚ್ಚಿಗೆ ಬರುವುದು ಅಪರೂಪ. ನೀವು ಗಂಡಸಾಗಿದ್ದರೆ ಅಜ್ಜಿಯ ಹತ್ತಿರ ನಿಮ್ಮ ಅಕ್ಕನನ್ನೋ ಹೆಂಡತಿಯನ್ನೋ ಕೂರಿಸಿ ನೋಡಿ. ಬೇರೆಯೇ ಪದಗಳು ಬರುತ್ತವೆ.

ಗಾದೆಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಗಾದೆಗೆ ತಾರೀಖು ಇಲ್ಲ, ಅಂಕಿತ ಇಲ್ಲ. ಒಂದಕ್ಕೆ ವಿರುದ್ಧವಾದ ಇನ್ನೊಂದು ಗಾದೆ ಯಾವಾಗಲೂ ಸಿಗುತ್ತದೆ. ಹಾಗಾಗಿ ‘ಗಾದೆಯಲ್ಲಿ ಹೀಗಿದೆ, ಆದ್ದರಿಂದ ಜನ ಹೀಗಿದ್ದರು’ ಎಂಬ ವಾದ ನಿಲ್ಲುವುದಿಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಇದೆ. ಪುಸ್ತಕದಲ್ಲಿ ಓದಿದರೆ ಒಂದು ನಿಯಮದ ತರ ಕೇಳುತ್ತದೆ. ಇದರಿಂದ ಬದುಕು ಹೊರಗೆ ಬರಬೇಕಾದರೆ ಅಜ್ಜಿಯನ್ನು ಅರ್ಥ ಕೇಳಬೇಡಿ. ‘ಇದನ್ನು ನಿನಗೆ ಯಾರು ಅಂದಿದ್ದರು, ಯಾವಾಗ ಅಂದಿದ್ದರು’ ಎಂದು ಕೇಳಿ. ಹೊಲ ಹಂಚುವಾಗ ಅಂದದ್ದೋ, ಅಪ್ಪನ ಮಣ್ಣಿಗೆ ಹೋದಾಗ ಅಂದದ್ದೋ, ವಿಧವೆಯಾಗಿ ತವರಿಗೆ ಬಂದಾಗ ಅಂದದ್ದೋ? ಗಾದೆಯ ಹಿಂದೆ ಒಂದು ಜಗಳ ಇರುತ್ತದೆ, ಆ ಜಗಳದಲ್ಲಿ ಒಬ್ಬರು ಸುಮ್ಮನಾದದ್ದು ಇರುತ್ತದೆ. ನಿಮಗೆ ಬೇಕಾದ್ದು ಅದು. ‘ಬಡವನ ಕೋಪ ದವಡೆಗೆ ಮೂಲ’ ಎಂಬುದನ್ನೂ ಹೀಗೇ ಕೇಳಿ ನೋಡಿ. ಇದನ್ನು ಗೌಡನ ಮನೆಯವರು ಹೇಳಿದರೆ ಬೆದರಿಕೆ, ಆಳಿನ ಮನೆಯಲ್ಲಿ ತಾಯಿ ಮಗನಿಗೆ ಹೇಳಿದರೆ ಎಚ್ಚರಿಕೆ. ಹೇಳಿದವರು ಯಾರು ಎಂದು ಬರೆದುಕೊಳ್ಳದೆ ಬರೀ ಗಾದೆ ಬರೆದುಕೊಂಡರೆ ಹತ್ತಿರದ ಗಾದೆ ಪುಸ್ತಕಕ್ಕೆ ಇನ್ನೊಂದು ಪ್ರತಿ ಮಾಡಿದಂತೆ, ಅಷ್ಟೇ.

ಇನ್ನು ಅಜ್ಜಿ ಹೇಳುವ ಹಳೇ ಸುದ್ದಿ. ಇಲ್ಲಿ ಕಾಲ ಗೊತ್ತು ಮಾಡಬಹುದು, ಮಾಡಲೇಬೇಕು. ಇಸವಿ ಕೇಳಬೇಡಿ, ಅವರ ಲೆಕ್ಕ ಬೇರೆ. ‘ಯಾವ ಬರದ ಮುಂಚೆ, ಯಾವ ಬೇನೆ ಬಂದ ಮೇಲೆ, ಯಾರ ಮದುವೆ ಆದ ವರ್ಷ’ ಎಂದು ಕೇಳಿ. ಗಾಂಧಿ ಸತ್ತ ಸುದ್ದಿ ಬಂದಾಗ ನೀನು ಎಷ್ಟಿದ್ದೆ, 72ರ ಬರದಲ್ಲಿ ಎಲ್ಲಿ ಕಲ್ಲು ಒಡೆಯಲು ಹೋಗಿದ್ದೆ ಎಂದರೆ ಖಚಿತ ಉತ್ತರ ಬರುತ್ತದೆ. ಅವರ ಅಜ್ಜಿಯಿಂದ ಕೇಳಿದ ಸುದ್ದಿಯಾದರೆ ಸಂವತ್ಸರದ ಹೆಸರು ಬರಬಹುದು. 1876ರಿಂದ 78ರ ತನಕದ ದೊಡ್ಡ ಬರವನ್ನು ಹಳೇ ಮೈಸೂರಿನ ಕಡೆ ಇವತ್ತಿಗೂ ಧಾತು ಈಶ್ವರ ಬರ ಎನ್ನುತ್ತಾರೆ. ಧಾತು ಸಂವತ್ಸರ, ಅದರ ಮರುವರ್ಷ ಈಶ್ವರ. ಅದು ಎಂಥ ಬರ ಅಂದರೆ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನ 1881ಕ್ಕೆ 42 ಲಕ್ಷದ ಹತ್ತಿರಕ್ಕೆ ಇಳಿದಿದ್ದರು. ಆದರೆ ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1936ರಲ್ಲೂ ಧಾತು ಬಂತು. ಅಜ್ಜಿ ‘ಧಾತು ವರ್ಷ’ ಎಂದರೆ ಯಾವ ಧಾತು ಎಂದು ಗೊತ್ತಾಗಲು ಜತೆಗೆ ಬರುವ ಒಂದು ವಸ್ತು ಹಿಡಿಯಬೇಕು. ಆ ಸುದ್ದಿಯಲ್ಲಿ ಊರಿಗೆ ಮೋಟಾರು ಬರುತ್ತಿತ್ತಾ, ಗಿರಣಿ ಇತ್ತಾ? ಇದ್ದರೆ ಅದು 1876 ಆಗಲಾರದು.

ಹೀಗೆ ಎರಡು ಬರ ಒಂದಾಗುವುದು, ಎರಡು ಸಾವು ಒಂದಾಗುವುದು ಬಾಯಿಮಾತಿನಲ್ಲಿ ಮಾಮೂಲು. ಅದನ್ನು ಹಿಡಿಯುವ ಉಪಾಯ ಅದೇ ಸುದ್ದಿಯನ್ನು ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳುವುದು. ಎರಡು ಸಲವೂ ಅಲುಗದೆ ಬರುವ ವಿವರ ಯಾವುದು, ಜಾರುವುದು ಯಾವುದು ಎಂದು ಗುರುತು ಹಾಕಿ. ನನ್ನ ಅನುಭವದಲ್ಲಿ ಸಂಖ್ಯೆ ಬೇಗ ಜಾರುತ್ತದೆ. ಏಳು, ಹನ್ನೆರಡು, ನೂರೊಂದು ಬಂದರೆ ಅದು ಹಾಡಿನ ಲೆಕ್ಕ ಎಂದು ತಿಳಿಯಿರಿ. ಜಾಗ ಜಾರುವುದಿಲ್ಲ. ‘ಹಳ್ಳದ ದಂಡೆಯ ಬೇವಿನ ಗಿಡದ ಹತ್ತಿರ’ ಎಂದರೆ ಅಲ್ಲೇ. ಹೋಗಿ ನೋಡಿ ಬನ್ನಿ.

ಇನ್ನೊಂದು ಅಪಾಯವಿದೆ. ಹಲಗಲಿಯ ಲಾವಣಿ ಪಠ್ಯಪುಸ್ತಕ ಸೇರಿದ ಮೇಲೆ ಆ ಕಡೆಯ ಹುಡುಗರು ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ಹೇಳುತ್ತಾರೆ, ಮನೆಯವರು ಅದನ್ನೇ ನಮಗೆ ಹೇಳುತ್ತಾರೆ. ಅಚ್ಚಿನಿಂದ ಬಾಯಿಗೆ ಬಂದದ್ದನ್ನು ನಾವು ಬಾಯಿಂದ ಅಚ್ಚಿಗೆ ತಂದು, ಹೊಸ ಸಾಕ್ಷಿ ಸಿಕ್ಕಿತು ಎಂದು ಹಿಗ್ಗುತ್ತೇವೆ. ಆದ್ದರಿಂದ ಪ್ರತಿ ಪದಕ್ಕೂ ‘ಯಾರಿಂದ ಕಲಿತೆ’ ಎಂದು ಕೇಳಲೇಬೇಕು. ಹಳೇ ಘಟನೆಯ ಹಾಡಿನಲ್ಲಿ ಸ್ವಾತಂತ್ರ್ಯ, ದೇಶಪ್ರೇಮ ಎಂಬ ಮಾತು ಬಂದರೆ ಅದು ಆಮೇಲಿನ ಪದರ ಇರಬಹುದು. ಕುಂಪಣಿ, ಹತಾರ, ಹುಕುಂ ಇದ್ದರೆ ಹಳೆಯ ಪದರ ಉಳಿದಿದೆ ಎಂದು ಊಹಿಸಬಹುದು. ಊಹೆಯೇ ಹೊರತು ರುಜುವಾತು ಅಲ್ಲ.

ಈಗ ನಿಮ್ಮ ಮನೆಗೆ ಬರೋಣ. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಫೋನು ಮುಂದೆ ಹಿಡಿದು ‘ಹಾಡು’ ಎಂದರೆ ಹತ್ತು ಪದ ಬಂದು ನಿಂತುಹೋಗುತ್ತವೆ. ಮನೆಯ ಹಿತ್ತಲಲ್ಲಿ ಹಳೇ ಬೀಸುಕಲ್ಲು ಬಿದ್ದಿದ್ದರೆ ತೊಳೆದು ತನ್ನಿ. ಒಂದು ಹಿಡಿ ಜೋಳ ಹಾಕಿ. ಎದುರಿಗೆ ಯಾರಾದರೂ ಹೆಣ್ಣುಮಕ್ಕಳು ಕೂತು ಗೂಟ ಹಿಡಿಯಲಿ. ಈ ಪದಗಳು ಕೈಯ ಓಟಕ್ಕೆ ಅಂಟಿಕೊಂಡಿರುತ್ತವೆ. ಫೋನನ್ನು ದೂರ ಇಟ್ಟು, ನಡುವಿನ ಮಾತು, ನಗು, ‘ಇದು ನಮ್ಮ ಚಿಕ್ಕವ್ವನ ಪದ’ ಎಂಬ ಪಿಸುಮಾತು ಎಲ್ಲ ಸೇರಿ ರೆಕಾರ್ಡ್ ಆಗಲಿ. ಬರೆದುಕೊಳ್ಳುವಾಗ ಅವರ ಉಚ್ಚಾರಣೆಯಲ್ಲೇ ಬರೆಯಿರಿ. ‘ಮ್ಯಾಲ’ ಎಂದದ್ದನ್ನು ‘ಮೇಲೆ’ ಎಂದು ತಿದ್ದಿದರೆ ಪದ ಯಾವ ಸೀಮೆಯದು ಎಂಬ ಗುರುತು ಅಳಿದುಹೋಗುತ್ತದೆ. ಕೆಲವು ಸುದ್ದಿ ಹೇಳಿ ‘ಇದನ್ನ ಬರೀಬ್ಯಾಡ’ ಎನ್ನುತ್ತಾರೆ. ಬರೆಯಬೇಡಿ. ಆ ಸುದ್ದಿಯ ಇನ್ನೊಂದು ಕಡೆಯವರು ಅದೇ ಊರಿನಲ್ಲಿ ಇರುತ್ತಾರೆ.

ಆಮೇಲೆ ಕಾಗದದ ಕಡೆ ತಿರುಗಿ. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಪಹಣಿ ಒಂದನ್ನೇ ನೋಡಬೇಡಿ, ಹಕ್ಕು ಬದಲಾವಣೆಯ ಹಳೇ ವಹಿ ಕೇಳಿ. ಗಂಡ ಸತ್ತಾಗ, ಮಗ ಇನ್ನೂ ಚಿಕ್ಕವನಿದ್ದಾಗ, ಹೊಲ ಮಾರಿದಾಗ ಹೆಂಗಸಿನ ಹೆಸರು ಅಲ್ಲಿ ಒಂದು ಸಾಲಿನ ಮಟ್ಟಿಗೆ ಬರುವುದುಂಟು. ಪಕ್ಕದಲ್ಲಿ ಅವಳ ಹೆಬ್ಬೆಟ್ಟೂ ಇರಬಹುದು. ಊರಿನ ಹುಟ್ಟು ಸಾವಿನ ಪುಸ್ತಕ, ಶಾಲೆಯ ದಾಖಲಾತಿ ಪುಸ್ತಕ ಉಳಿದಿದ್ದರೆ ಅವನ್ನೂ ನೋಡಿ. ಅಜ್ಜಿಯ ಮಾತಿನಲ್ಲಿ ಬಂದ ಚಿಕ್ಕವ್ವ ಆ ಒಂದು ಸಾಲಿನಲ್ಲಿ ಸಿಕ್ಕರೆ ಅವಳ ಬದುಕಿಗೆ ಒಂದು ವರ್ಷ ಸಿಕ್ಕಿತು. ಆ ವರ್ಷದ ಎರಡೂ ಕಡೆ ಅಜ್ಜಿಯ ಸುದ್ದಿಗಳನ್ನು ಹೊಂದಿಸುತ್ತಾ ಹೋಗಬಹುದು.

ಹೆಳವರನ್ನೂ ಬಿಡಬೇಡಿ. ಅವರ ಪಟ್ಟಿ ಗಂಡು ಸಂತತಿಯ ಪಟ್ಟಿ, ನಿಜ. ಆದರೆ ಅವರ ಜ್ಞಾಪಕ ಪಟ್ಟಿಗಿಂತ ದೊಡ್ಡದು. ‘ಈ ಮನೆಗೆ ಹೆಣ್ಣು ಯಾವ ಊರಿನಿಂದ ತಂದರು’ ಎಂದು ಬಿಡಿಸಿ ಕೇಳಿ. ಹೆಸರು ಬಾರದಿದ್ದರೂ ಊರು ಬರಬಹುದು. ಊರು ಗೊತ್ತಾದರೆ ಆ ಊರಿನ ಮನೆತನಕ್ಕೂ ಹೆಳವರು ಇರುತ್ತಾರೆ, ಹಾಡುವ ಮುದುಕಿಯರೂ ಇರುತ್ತಾರೆ. ನಿಮ್ಮ ಮನೆಯ ಹೆಂಗಸರ ಬಾಲ್ಯ ಕಳೆದದ್ದು ನಿಮ್ಮ ಊರಿನಲ್ಲಲ್ಲ, ಅವರವರ ತವರಿನಲ್ಲಿ. ಅರ್ಧ ಬದುಕಿನ ನೆನಪು ಅಲ್ಲಿ ಉಳಿದಿರುತ್ತದೆ. ಮೊದಲು ಅಜ್ಜಿಯ ತವರಿಗೆ, ಆಮೇಲೆ ಅವರ ಅತ್ತೆಯ ತವರಿಗೆ ಹೋಗಿ. ಬರೆಯುವಾಗ ಯಾವುದು ವಹಿಯಿಂದ ಬಂತು, ಯಾವುದು ಅಜ್ಜಿಯ ಬಾಯಿಂದ ಬಂತು, ಯಾವುದು ಪದದಿಂದ ನೀವು ಊಹಿಸಿದ್ದು ಎಂದು ಆಯಾ ಜಾಗದಲ್ಲೇ ಹೇಳಿಬಿಡಿ. ಮೂರಕ್ಕೂ ಒಂದಕ್ಕೊಂದು ತಾಳೆಯಾಗದ ಕಡೆ ತೇಪೆ ಹಾಕಬೇಡಿ, ಮೂರನ್ನೂ ಇದ್ದ ಹಾಗೇ ಇಡಿ.